ಒಂದು ಸೊನ್ನೆಯ ಬೆಲೆ: ಟೆನ್ಷನ್ ಟೆಸ್ಟ್ ಟೇಬಲ್ ಬರೆಯೋದು ಹೇಗೆ?

ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನಲ್ಲಿ ಎಲ್ಲರೂ ಮಾಡೋ ಮೊದಲ ಪ್ರಯೋಗಗಳಲ್ಲಿ ಒಂದು ಮೈಲ್ಡ್ ಸ್ಟೀಲ್ ರಾಡ್‌ನ ಟೆನ್ಷನ್ ಟೆಸ್ಟ್. ರಾಡನ್ನು ಯು.ಟಿ.ಎಂ. ಮೆಷಿನ್‌ಗೆ ಸಿಕ್ಕಿಸಿ ಎಳೀತೀವಿ, ಲೋಡ್ ಎಷ್ಟು, ರಾಡ್ ಎಷ್ಟು ಉದ್ದ ಆಯ್ತು ಅಂತ ಬರ್ಕೋತೀವಿ, ಕೊನೆಗೆ ಯಂಗ್ಸ್ ಮಾಡ್ಯುಲಸ್ ತೆಗೀತೀವಿ. ರೀಡಿಂಗ್ ಸರಿಯಾಗೇ ಇರುತ್ತೆ. ಆದರೂ ಟೇಬಲ್ ಬರೆಯೋ ರೀತಿಯಿಂದ ಓದುವವರಿಗೆ ಬೇರೆಯೇ ಉತ್ತರ ಸಿಗಬಹುದು. ಹೇಗೆ ಅಂತ ಒಂದು ಉದಾಹರಣೆ ಇಟ್ಕೊಂಡು ನೋಡೋಣ.

ರಾಡ್‌ನ ವ್ಯಾಸ 10.02 ಮಿ.ಮೀ., ಗೇಜ್ ಲೆಂತ್ 50 ಮಿ.ಮೀ. ಅಂದುಕೊಳ್ಳಿ. ಮೆಷಿನ್ ಲೋಡನ್ನು 0.1 ಕಿಲೋನ್ಯೂಟನ್‌ವರೆಗೆ ತೋರಿಸುತ್ತೆ. ಎಕ್ಸ್‌ಟೆನ್ಸೋಮೀಟರ್‌ನ ಲೀಸ್ಟ್ ಕೌಂಟ್ 0.001 ಮಿ.ಮೀ. ನಾಲ್ಕು ರೀಡಿಂಗ್ ತಗೊಂಡು ಎಕ್ಸೆಲ್‌ಗೆ ಹಾಕಿದರೆ ಸಾಮಾನ್ಯವಾಗಿ ರೆಕಾರ್ಡ್‌ಗಳಲ್ಲಿ ಕಾಣೋದು ಹೀಗೆ:

| ಲೋಡ್ | ಎಕ್ಸ್‌ಟೆನ್ಷನ್ | ಸ್ಟ್ರೆಸ್ | ಸ್ಟ್ರೈನ್ × 10⁻³ |
|---|---|---|---|
| 4 kN | 0.012 mm | 50.72647 | 0.24 |
| 8 kN | 0.025 mm | 101.45295 | 0.5 |
| 12 | 0.037 | 152.179 | 0.74 |
| 16 kN | 0.05 mm | 202.9 | 1 |

ಇದರಲ್ಲಿ ಲೆಕ್ಕದ ತಪ್ಪು ಒಂದೂ ಇಲ್ಲ. ಈಗ ಕೊನೆಯ ಸಾಲಿನ 0.05 ನೋಡಿ. ಎಕ್ಸ್‌ಟೆನ್ಸೋಮೀಟರ್ ತೋರಿಸಿದ್ದು 0.050. ನೀವು 0.050 ಅಂತಲೇ ಟೈಪ್ ಮಾಡಿದರೂ ಎಕ್ಸೆಲ್ ಕೊನೆಯ ಸೊನ್ನೆಯನ್ನು ನುಂಗಿಬಿಡುತ್ತೆ. ಗಣಿತಕ್ಕೆ ಎರಡೂ ಒಂದೇ, ಅಳತೆಗೆ ಒಂದೇ ಅಲ್ಲ. 0.050 ಅಂದರೆ ನಿಜವಾದ ಬೆಲೆ 0.0495 ಮತ್ತು 0.0505ರ ಮಧ್ಯೆ ಇದೆ ಅಂತ ಅರ್ಥ. 0.05 ಅಂತ ಬರೆದರೆ ಓದುವವರು 0.045ರಿಂದ 0.055ರವರೆಗೆ ಎಲ್ಲಾದರೂ ಇರಬಹುದು ಅಂದ್ಕೋತಾರೆ. ಇದೇ ಸಾಲಿನಿಂದ ಯಂಗ್ಸ್ ಮಾಡ್ಯುಲಸ್ ತೆಗೆದರೆ, ಎಕ್ಸ್‌ಟೆನ್ಷನ್ 0.050 ಇದ್ದಾಗ ಉತ್ತರ ಸುಮಾರು 201ರಿಂದ 205 ಗಿಗಾಪ್ಯಾಸ್ಕಲ್ ಒಳಗೆ ಬರುತ್ತೆ. 0.05 ಆದರೆ 184ರಿಂದ 225ರವರೆಗೆ ಹರಡಿಕೊಳ್ಳುತ್ತೆ. ಅಷ್ಟು ಸೂಕ್ಷ್ಮವಾದ ಉಪಕರಣ ಹಾಕಿ ಅಳೆದಿದ್ದು ಒಂದು ಸೊನ್ನೆ ಬಿಟ್ಟಿದ್ದಕ್ಕೆ ನೀರಲ್ಲಿ ಹೋಮ!

ಹಾಗಾಗಿ ಅಳೆದ ಕಾಲಂಗೆ ನಿಯಮ ಸುಲಭ: ದಶಮಾಂಶ ಸ್ಥಾನ ಎಷ್ಟು ಅಂತ ಉಪಕರಣವೇ ಹೇಳುತ್ತೆ. ಲೀಸ್ಟ್ ಕೌಂಟ್ 0.001 ಆದರೆ ಆ ಕಾಲಂ ಪೂರ್ತಿ ಮೂರು ಸ್ಥಾನ, ಲೋಡ್ 0.1 ಆದರೆ ಪೂರ್ತಿ ಒಂದು ಸ್ಥಾನ. ಎಕ್ಸೆಲ್‌ನಲ್ಲಿ ಕಾಲಂ ಸೆಲೆಕ್ಟ್ ಮಾಡಿ `Format Cells`, ಆಮೇಲೆ `Number`ನಲ್ಲಿ `Decimal places` 3 ಅಂತ ಕೊಟ್ಟರೆ ಸೊನ್ನೆ ವಾಪಸ್ ಬರುತ್ತೆ.

ಲೆಕ್ಕ ಹಾಕಿ ಬಂದ ಕಾಲಂದು ಉಲ್ಟಾ ಸಮಸ್ಯೆ. ಅಲ್ಲಿ ಅಂಕಿ ಕಮ್ಮಿ ಆಗಲ್ಲ, ಜಾಸ್ತಿ ಆಗುತ್ತೆ. 50.72647 ಮೆಗಾಪ್ಯಾಸ್ಕಲ್ ಅಂತ ಬರೆಯೋಕೆ ನಮ್ಮ ಹತ್ತಿರ ಆಧಾರ ಏನಿದೆ? ಲೋಡ್‌ನಲ್ಲೇ 0.05 ಕಿಲೋನ್ಯೂಟನ್ ಆಚೆ ಈಚೆ ಇರಬಹುದು. ಅದನ್ನು ಏರಿಯಾ 78.85 ಚದರ ಮಿ.ಮೀ.ನಿಂದ ಭಾಗಿಸಿದರೆ ಸುಮಾರು 0.6 ಮೆಗಾಪ್ಯಾಸ್ಕಲ್. ಅಂದರೆ ಪಾಯಿಂಟ್ ಆದ ಮೇಲಿನ ಮೊದಲ ಅಂಕಿಯೇ ನಂಬೋ ಹಾಗಿಲ್ಲ, ಐದನೇ ಅಂಕಿಯ ಮಾತು ಬಿಡಿ. ಸ್ಟ್ರೆಸ್ ಇಲ್ಲಿ ಪೂರ್ಣ ಸಂಖ್ಯೆಯಲ್ಲಿದ್ದರೆ ಸಾಕು. ಒಂದು ವಿಷಯ ನೆನಪಿರಲಿ: ಕಡಿಮೆ ಮಾಡಬೇಕಾದ್ದು ತೋರಿಸುವ ಅಂಕಿಗಳನ್ನು ಮಾತ್ರ. `Format Cells` ತೋರಿಕೆಯನ್ನಷ್ಟೇ ಬದಲಿಸುತ್ತೆ, ಒಳಗಿನ ಬೆಲೆ ಹಾಗೇ ಇರುತ್ತೆ. `ROUND` ಬಳಸಿದರೆ ಬೆಲೆಯೇ ಬದಲಾಗಿ, ಮುಂದಿನ ಲೆಕ್ಕಕ್ಕೂ ಆ ತಪ್ಪು ಹೋಗುತ್ತೆ.

ಇನ್ನು ಯೂನಿಟ್. ಮೇಲಿನ ಟೇಬಲ್‌ನಲ್ಲಿ ಕೆಲವು ಸಾಲಿಗೆ ಯೂನಿಟ್ ಇದೆ, ಮೂರನೇ ಸಾಲಿಗಿಲ್ಲ, ಸ್ಟ್ರೆಸ್‌ಗೆ ಎಲ್ಲೂ ಇಲ್ಲ. ಯೂನಿಟ್ ಹೆಡರ್‌ಗೆ ಹೋದರೆ ಈ ಗೊಂದಲ ಇರಲ್ಲ. ಜೊತೆಗೆ ಸೆಲ್‌ನಲ್ಲಿ "4 kN" ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಸಂಖ್ಯೆ ಅಂತ ನೋಡಲ್ಲ, ಬರೀ ಅಕ್ಷರ ಅಂದ್ಕೊಳ್ಳುತ್ತೆ. ಗ್ರಾಫ್ ಹಾಕೋಕೆ ಹೋದಾಗ ಗೊತ್ತಾಗುತ್ತೆ.

ನಿಜವಾದ ಅಪಾಯ ಇರೋದು ಸ್ಟ್ರೈನ್ ಹೆಡರ್‌ನಲ್ಲಿ. "ಸ್ಟ್ರೈನ್ × 10⁻³" ಅಂದರೆ ಏನು? ಕಾಲಂನ ಸಂಖ್ಯೆಯನ್ನು ನಾನು 10⁻³ರಿಂದ ಗುಣಿಸಬೇಕಾ? ಅಥವಾ ಬರೆದವರು ಆಗಲೇ ಗುಣಿಸಿ ಇಟ್ಟಿದ್ದಾರಾ? ಮೊದಲನೆಯದಾದರೆ ಸ್ಟ್ರೈನ್ 0.00024, ಎರಡನೆಯದಾದರೆ 240. ಎರಡರ ನಡುವೆ ಹತ್ತು ಲಕ್ಷ ಪಟ್ಟು ವ್ಯತ್ಯಾಸ. ಮೊದಲ ಅರ್ಥದಲ್ಲಿ ಯಂಗ್ಸ್ ಮಾಡ್ಯುಲಸ್ 211 ಗಿಗಾಪ್ಯಾಸ್ಕಲ್, ಎರಡನೇ ಅರ್ಥದಲ್ಲಿ 211 ಕಿಲೋಪ್ಯಾಸ್ಕಲ್, ಅಂದರೆ ರಬ್ಬರ್‌ಗಿಂತ ಮೆತ್ತಗಿನ ಸ್ಟೀಲ್! ಸ್ಟೀಲ್ ಆದ್ದರಿಂದ ನಾವು ನಕ್ಕು ಸರಿಯಾದ ಅರ್ಥ ತಗೋತೀವಿ. ಗೊತ್ತಿಲ್ಲದ ಹೊಸ ಮೆಟೀರಿಯಲ್ ಆದರೆ ಊಹಿಸೋಕೆ ಆಗಲ್ಲ.

ಇದಕ್ಕೆ ಪರಿಹಾರ ಭಾಗಾಕಾರದ ಗೆರೆ. ಹೆಡರ್‌ನಲ್ಲಿ F / kN ಅಂತ ಬರೆದು ಕೆಳಗೆ 4.0 ಅಂತ ಬರೆದರೆ, ಅದು F / kN = 4.0 ಅನ್ನೋ ಸಮೀಕರಣ. ಆದ್ದರಿಂದ F = 4.0 kN. ಅದೇ ರೀತಿ ε / 10⁻³ ಕೆಳಗೆ 0.24 ಇದ್ದರೆ ε = 0.24 × 10⁻³. ಬೇರೆ ಅರ್ಥವೇ ಬರಲ್ಲ. ಎಸ್.ಐ. ಪದ್ಧತಿಯಲ್ಲೂ ಹೀಗೆ ಬರೀತಾರೆ.

ಎಲ್ಲ ಸೇರಿಸಿ ಈಗ ಟೇಬಲ್ ಹೀಗಾಗುತ್ತೆ:

ಟೇಬಲ್ 1. ಮೈಲ್ಡ್ ಸ್ಟೀಲ್ ರಾಡ್‌ನ ಟೆನ್ಷನ್ ಟೆಸ್ಟ್, ಎಲಾಸ್ಟಿಕ್ ಭಾಗದ ರೀಡಿಂಗ್‌ಗಳು. ಆರಂಭದ ವ್ಯಾಸ 10.02 ಮಿ.ಮೀ., ಗೇಜ್ ಲೆಂತ್ 50 ಮಿ.ಮೀ. ಸ್ಟ್ರೆಸ್ ಲೆಕ್ಕ ಆರಂಭದ ಏರಿಯಾ ಮೇಲೆ.

| ಲೋಡ್ F / kN | ಎಕ್ಸ್‌ಟೆನ್ಷನ್ ΔL / mm | ಸ್ಟ್ರೆಸ್ σ / MPa | ಸ್ಟ್ರೈನ್ ε / 10⁻³ |
|---:|---:|---:|---:|
| 4.0 | 0.012 | 51 | 0.24 |
| 8.0 | 0.025 | 101 | 0.50 |
| 12.0 | 0.037 | 152 | 0.74 |
| 16.0 | 0.050 | 203 | 1.00 |

ಸ್ಥಾನಗಳು ಸಮ ಇದ್ದು, ಬಲಕ್ಕೆ ಅಲೈನ್ ಮಾಡಿದ್ದರಿಂದ ಪಾಯಿಂಟ್‌ಗಳು ಒಂದರ ಕೆಳಗೆ ಒಂದು ಕೂತಿವೆ. ಸ್ಟ್ರೆಸ್ ಪ್ರತಿ ಸಾಲಿಗೂ 50, 51ರಷ್ಟೇ ಏರುತ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಕ್ಯಾಪ್ಷನ್ ಟೇಬಲ್‌ನ ಮೇಲೆ ಇದೆ, ಚಿತ್ರಕ್ಕೆ ಮಾತ್ರ ಕೆಳಗೆ ಹಾಕೋದು ರೂಢಿ. "ಟೆನ್ಷನ್ ಟೆಸ್ಟ್ ರಿಸಲ್ಟ್" ಅಂತಷ್ಟೇ ಬರೆದಿದ್ದರೆ ಸ್ಟ್ರೆಸ್ ಎಲ್ಲಿಂದ ಬಂತು ಅಂತ ಹುಡುಕಬೇಕಿತ್ತು. ಈಗ ವ್ಯಾಸ, ಗೇಜ್ ಲೆಂತ್ ಎರಡೂ ಅಲ್ಲೇ ಇವೆ, ಯಾರು ಬೇಕಾದರೂ ಲೆಕ್ಕ ತಾಳೆ ನೋಡಬಹುದು.

ಈ ನಿಯಮಕ್ಕೂ ಒಂದು ಮಿತಿ ಇದೆ. ಸ್ಥಾನ ಸಮ ಇದೆ ಅಂದ ಮಾತ್ರಕ್ಕೆ ಎಲ್ಲ ಸಾಲಿಗೂ ಒಂದೇ ನಂಬಿಕೆ ಅಂತಲ್ಲ. 0.012ರಲ್ಲಿ 0.0005 ಅಂದರೆ ಶೇಕಡಾ 4, ಅದೇ 0.050ರಲ್ಲಿ ಶೇಕಡಾ 1. ಅದಕ್ಕೇ ಮೊದಲ ಸಾಲು ಒಂದೇ 211 ಕೊಡುತ್ತೆ, ಉಳಿದವು 203, 206, 203. ಸಾಲು ಸಾಲಿಗೆ ಉತ್ತರ ತೆಗೆದು ಸರಾಸರಿ ಮಾಡೋದಕ್ಕಿಂತ ಗ್ರಾಫ್‌ನ ಸ್ಲೋಪ್ ತೆಗೆಯೋದು ಒಳ್ಳೇದು. ಇಲ್ಲಿ ಅದು 201 ಗಿಗಾಪ್ಯಾಸ್ಕಲ್ ಬರುತ್ತೆ.

ಇನ್ನೊಂದು, ಯೀಲ್ಡ್ ಹತ್ತಿರ ಬಂದಾಗ ಎಕ್ಸ್‌ಟೆನ್ಸೋಮೀಟರ್ ತೆಗೆದು, ಆಮೇಲೆ ಸ್ಕೇಲ್‌ನಲ್ಲಿ ಅಳೀತೀವಲ್ಲ, ಆ ರೀಡಿಂಗ್‌ಗಳನ್ನು ಇದೇ ಕಾಲಂ ಕೆಳಗೆ ಮುಂದುವರಿಸಿ 8.000 ಅಂತ ಬರೀಬೇಡಿ. ಸ್ಕೇಲ್‌ಗೆ ಅಷ್ಟು ಗೊತ್ತಿಲ್ಲ. ಉಪಕರಣ ಬದಲಾದರೆ ಟೇಬಲ್ 2 ಅಂತ ಬೇರೆ ಮಾಡಿ, ಯಾವುದರಲ್ಲಿ ಅಳೆದಿದ್ದು ಅಂತ ಅದರ ಕ್ಯಾಪ್ಷನ್‌ನಲ್ಲಿ ಹೇಳಿ.

ಟೇಬಲ್ ಸರಿಯಾಗಿದೆಯಾ ಅಂತ ನೋಡೋಕೆ ರೆಕಾರ್ಡ್‌ನ ಉಳಿದ ಪುಟ ಮುಚ್ಚಿ, ಬೇರೆ ಬ್ಯಾಚ್‌ನವರಿಗೆ ಟೇಬಲ್ ಮಾತ್ರ ತೋರಿಸಿ. ಮೂರನೇ ಸಾಲಿನಿಂದ ಯಂಗ್ಸ್ ಮಾಡ್ಯುಲಸ್ ತೆಗಿ ಅನ್ನಿ. ನಿಮ್ಮನ್ನು ಏನೂ ಕೇಳದೆ 205, 206ರ ಹತ್ತಿರ ಬಂದರೆ ಟೇಬಲ್ ಸರಿ ಇದೆ. "ಇದು ಯಾವ ಯೂನಿಟ್ ಮಾರಾಯ?" ಅಂತ ಕೇಳಿದರೆ ಹೆಡರ್ ಇನ್ನೊಮ್ಮೆ ನೋಡಿ.