‘ಈಸಿಮೊ’ ಎಂದರೆ ‘ಎಲ್ಲಕ್ಕಿಂತ’ ಅಲ್ಲ

ಸ್ಪ್ಯಾನಿಷ್ ಕಲಿಯುವವರ ತಲೆಯಲ್ಲಿ ಒಂದು ನಂಬಿಕೆ ಬೇರು ಬಿಟ್ಟುಬಿಟ್ಟಿದೆ: ಆಲ್ತೊ ಎಂದರೆ ಎತ್ತರ, ಮಾಸ್ ಆಲ್ತೊ ಎಂದರೆ ಇನ್ನೂ ಎತ್ತರ, ಆಲ್ತೀಸಿಮೊ ಎಂದರೆ ಎಲ್ಲಕ್ಕಿಂತ ಎತ್ತರ. ಮೊದಲೆರಡು ಸರಿ. ಮೂರನೆಯದು ಅಪ್ಪಟ ತಪ್ಪು. ಎಷ್ಟು ಸಲ ತಿದ್ದಿದರೂ ಜನ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ.

ಸ್ಪೇನಿನ ಶಿಖರಗಳನ್ನೇ ತೆಗೆದುಕೊಳ್ಳಿ. ಸಿಯೆರ್ರಾ ನೆವಾದಾದ ಮುಲಾಸೆನ್ ಸುಮಾರು 3,480 ಮೀಟರ್ ಎತ್ತರವಿದೆ. ಅದನ್ನು ಆಲ್ತೀಸಿಮೊ ಎನ್ನಲು ಯಾವ ಅಡ್ಡಿಯೂ ಇಲ್ಲ. ಆದರೆ ಸ್ಪೇನಿಗೆಲ್ಲ ಎತ್ತರದ್ದು ಅದಲ್ಲ, ಕ್ಯಾನರಿ ದ್ವೀಪಗಳಲ್ಲಿರುವ 3,715 ಮೀಟರಿನ ತೇಯಿದೆ. ‘ಎಲ್ ಮಾಸ್ ಆಲ್ತೊ ದೆ ಎಸ್ಪಾನ್ಯಾ’ ಎಂಬ ಪಟ್ಟ ಸಲ್ಲುವುದು ಅದೊಂದಕ್ಕೇ. ಇನ್ನು ಮೆನೋರ್ಕಾ ದ್ವೀಪದ ಮೋಂತೆ ತೋರೊ ನೋಡಿ. ಎತ್ತರ ಸುಮಾರು 360 ಮೀಟರ್, ನಮ್ಮ ಲೆಕ್ಕದಲ್ಲಿ ಬರೀ ಗುಡ್ಡ. ಆದರೂ ಆ ದ್ವೀಪಕ್ಕೆ ಅದೇ ಎಲ್ ಮಾಸ್ ಆಲ್ತೊ. ಅದನ್ನು ತೇಯಿದೆಯ ಜೊತೆ ನಿಲ್ಲಿಸಿ ಆಲ್ತೀಸಿಮೊ ಎಂದರೆ ಯಾರೂ ಒಪ್ಪರು.

ಈಸಿಮೊ ಹೇಳುವುದು ‘ತುಂಬಾ ತುಂಬಾ’ ಎಂದಷ್ಟೇ. ಅದು ಯಾರನ್ನೂ ಯಾರೊಂದಿಗೂ ಹೋಲಿಸುವುದಿಲ್ಲ. ಒಂದೇ ಊಟದಲ್ಲಿ ಸೂಪನ್ನೂ ರಿಕೀಸಿಮಾ ಎನ್ನಬಹುದು, ಮೀನನ್ನೂ ರಿಕೀಸಿಮೊ ಎನ್ನಬಹುದು. ಗೊಂದಲದ ಮೂಲ ಲ್ಯಾಟಿನ್ನಿನಲ್ಲಿದೆ. ಅಲ್ಲಿ ‘ಇಸ್ಸಿಮುಸ್’ ಪ್ರತ್ಯಯ ‘ಬಹಳ’, ‘ಎಲ್ಲಕ್ಕಿಂತ’ ಎಂಬ ಎರಡೂ ಅರ್ಥಗಳನ್ನು ಹೊತ್ತಿತ್ತು. ಸ್ಪ್ಯಾನಿಷ್ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ‘ಎಲ್ ಮಾಸ್’ಗೆ ಬಿಟ್ಟಿತು. ವ್ಯಾಕರಣದವರು ಮಾತ್ರ ಈಸಿಮೊವನ್ನು ಇಂದಿಗೂ ‘ಸೂಪರ್ಲಾತೀವೊ ಆಬ್ಸೊಲೂತೊ’ ಎಂದೇ ಕರೆಯುತ್ತಾರೆ. ಕಲಿಯುವವರು ಮೊದಲ ಪದ ಓದಿ ಅಲ್ಲಿಗೇ ನಿಲ್ಲುತ್ತಾರೆ. ಹೋಲಿಕೆಯ ಹಂಗಿಲ್ಲದ್ದು ಎಂದು ಹೇಳುವ ಎರಡನೆಯ ಪದದತ್ತ ಕಣ್ಣೇ ಹಾಯಿಸುವುದಿಲ್ಲ.

ಅನುಮಾನ ಬಂದರೆ ‘ಯಾರಲ್ಲಿ, ಯಾವುದರಲ್ಲಿ?’ ಎಂದು ಕೇಳಿಕೊಳ್ಳಿ. ‘ತರಗತಿಗೆಲ್ಲ’ ಎಂಬ ಉತ್ತರ ಬಂದರೆ ‘ಎಲ್ ಮಾಸ್ ಆಲ್ತೊ ದೆ ಲಾ ಕ್ಲಾಸೆ’ ಎನ್ನಬೇಕು. ‘ಆಲ್ತೀಸಿಮೊ ದೆ ಲಾ ಕ್ಲಾಸೆ’ ಎಂದರೆ ಕಿವಿಗೇ ಒಗ್ಗದು. ಆ ‘ದೆ’ ಜಾಗದಲ್ಲಿ ‘ಎನ್’ ಹಾಕುವುದೂ ಇಂಗ್ಲಿಷಿನಿಂದ ಅಂಟಿದ ಚಾಳಿ.

ಉಳಿದವು ಸಣ್ಣವು. ‘ಮಾಸ್ ಮೆಹೋರ್’, ‘ಮಾಸ್ ಪೆಓರ್’ ಎನ್ನಬಾರದು, ‘ಮಾಸ್’ ಆ ಪದಗಳೊಳಗೇ ಇದೆ. ಒತ್ತಿ ಹೇಳಬೇಕಾದರೆ ‘ಮೂಚೊ ಮೆಹೋರ್’. ‘ಮಾಸ್ ಬ್ವೇನೊ’ ಯಾವಾಗಲೂ ತಪ್ಪು ಎಂಬುದೂ ಸುಳ್ಳು, ಒಬ್ಬರ ಒಳ್ಳೆಯತನದ ಮಾತಿಗೆ ಅದು ಸಲ್ಲುತ್ತದೆ. ‘ತಾನ್… ಕೋಮೊ’ ನಡುವೆ ಗುಣವಾಚಕವೋ ಕ್ರಿಯಾವಿಶೇಷಣವೋ ಕೂರಬೇಕು. ನಾಮಪದವಾದರೆ ‘ತಾಂತೊ’ ಬರುತ್ತದೆ, ಅದೂ ಲಿಂಗ ವಚನಕ್ಕೆ ತಕ್ಕಂತೆ ಬದಲಾಗುತ್ತದೆ: ತಾಂತೊ ದಿನೇರೊ, ತಾಂತಾಸ್ ಕಾಸಾಸ್.

ನನಗೆ ಬೇಸರ ತರಿಸುವುದು ತಪ್ಪಲ್ಲ, ಅದು ಬರುವ ದಾರಿ. ಇಂಗ್ಲಿಷ್ ವ್ಯಾಕರಣದ ಮೂರು ಕಾಲಮ್ಮಿನ ಕೋಷ್ಟಕವನ್ನು ಯಾರೋ ಸ್ಪ್ಯಾನಿಷಿಗೆ ತೊಡಿಸುತ್ತಾರೆ. ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ನೂರಾರು ಜನ ಅದನ್ನು ಬಾಯಿಪಾಠ ಮಾಡುತ್ತಾರೆ. ಸ್ಪ್ಯಾನಿಷ್ ಆಡುವವರ ಮಾತನ್ನು ಹತ್ತು ನಿಮಿಷ ಕೇಳಿದ್ದರೂ ಆ ಮೂರನೆಯ ಕಾಲಮ್ಮಿನ ಮೇಲೆ ಅನುಮಾನ ಬರುತ್ತಿತ್ತು.