ಪಟ್ಟಿಯ ಹಿಂದೆ ಸಿಕ್ಕಿಕೊಂಡ ‘ಹಣ ಪಾವತಿಸಿ’ ಬಟನ್

ಫೋನಿನಲ್ಲಿ ಸೀರೆ ಆರಿಸಿದ್ದಾಯಿತು, ವಿಳಾಸ ತುಂಬಿದ್ದಾಯಿತು, ಕೂಪನ್ ಹಾಕಿದ್ದೂ ಆಯಿತು. ಇನ್ನು ಹಣ ಕಟ್ಟುವುದೊಂದೇ ಬಾಕಿ ಅನ್ನುವಾಗ ಬಟನ್ನೇ ಕಾಣುವುದಿಲ್ಲ. ಬೆರಳಿನಿಂದ ಎಷ್ಟು ಮೇಲಕ್ಕೆ ತಳ್ಳಿದರೂ ಸಾಮಾನಿನ ಪಟ್ಟಿ ಮಾತ್ರ ಸರಿಯುತ್ತದೆ, ಪುಟದ ಬುಡ ಮೇಲೆ ಬರುವುದಿಲ್ಲ. ಗ್ರಾಹಕರು ನೆಟ್‌ವರ್ಕ್ ಕೈಕೊಟ್ಟಿತೆಂದುಕೊಂಡು ಪುಟ ಮುಚ್ಚಿಬಿಡುತ್ತಾರೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಬಟನ್ ಕೂಡ ಪುಟದಲ್ಲೇ ಇತ್ತು, ಬ್ರೌಸರಿನ ಕೆಳಗಿನ ಪಟ್ಟಿಯ ಹಿಂದೆ ಅಡಗಿ ಕೂತಿತ್ತು.

ವೆಬ್‌ಸೈಟ್ ಕಟ್ಟುವವರಿಗೆ ಇದು ಹಳೆಯ ಪರಿಚಯದ ತೊಂದರೆ. ಪುಟದ ಜೋಡಣೆಯನ್ನೇ ಬದಲಿಸದೆ ಪೂರ್ತಿ ವಾಸಿಯಾಗುವುದಿಲ್ಲ, ಅದಕ್ಕೆ ಸಮಯ ಬೇಕು. ಅಷ್ಟರಲ್ಲಿ ಆ ಪುಟ ನೋಡಿಕೊಳ್ಳುತ್ತಿದ್ದವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಇಲ್ಲವೇ ರಜೆ ಹಾಕುತ್ತಾರೆ. ಹೋಗುವ ಮುನ್ನ ಮುಂದೆ ನೋಡಿಕೊಳ್ಳುವವರಿಗೆ ಒಂದು ಟಿಪ್ಪಣಿ ಬರೆದಿಡುವುದು ರೂಢಿ. ಆಫೀಸಿನಲ್ಲಿ ಅದನ್ನು ಹ್ಯಾಂಡೋವರ್ ನೋಟ್ ಅನ್ನುತ್ತಾರೆ. ‘ಐಫೋನಿನಲ್ಲಿ ಚೆಕ್‌ಔಟ್ ಲೇಔಟ್ ಸ್ವಲ್ಪ ಸಮಸ್ಯೆ ಇದೆ, ಸದ್ಯಕ್ಕೆ ಸರಿಮಾಡಿದ್ದೇನೆ’ ಎಂದು ಒಂದು ಸಾಲು ಗೀಚಿಟ್ಟು ಹೋದರೆ ಓದಿದವರ ಕೈಗೆ ಏನೂ ಸಿಗುವುದಿಲ್ಲ. ಇದೇ ಬಗ್ಗಿನ ಬಗ್ಗೆ ಒಳ್ಳೆಯ ಟಿಪ್ಪಣಿ ಹೇಗಿರಬೇಕು ಎಂದು ತಿಳಿಯಬೇಕಾದರೆ ಮೊದಲು ಬಗ್ಗನ್ನೇ ಸರಿಯಾಗಿ ನೋಡಬೇಕು.

ಫೋನಿನ ಬ್ರೌಸರಿನಲ್ಲಿ ಯಾವುದೇ ಸುದ್ದಿ ಓದುವಾಗ ಗಮನಿಸಿ. ಪುಟ ತೆರೆದಾಗ ವಿಳಾಸದ ಪಟ್ಟಿ ಪೂರ್ತಿ ಕಾಣುತ್ತದೆ. ಓದುತ್ತಾ ಕೆಳಗೆ ಸರಿದಂತೆ ಅದು ಕುಗ್ಗುತ್ತದೆ ಅಥವಾ ಮಾಯವಾಗುತ್ತದೆ, ಓದಲು ಇನ್ನಷ್ಟು ಜಾಗ ಸಿಗುತ್ತದೆ. ಅಂದರೆ ಫೋನಿನಲ್ಲಿ ಪುಟಕ್ಕೆ ಸಿಗುವ ಎತ್ತರ ಒಂದೇ ಅಲ್ಲ: ಪಟ್ಟಿ ಇರುವಾಗಿನದು ಸಣ್ಣ ಎತ್ತರ, ಪಟ್ಟಿ ಕುಗ್ಗಿದಾಗಿನದು ದೊಡ್ಡ ಎತ್ತರ. ಪುಟ ವಿನ್ಯಾಸ ಮಾಡುವವರು ‘ತೆರೆಯಷ್ಟೇ ಎತ್ತರವಿರಲಿ’ ಎಂದು ಹೇಳಲು `100vh` ಎಂದು ಬರೆಯುತ್ತಾರೆ. ಒಂದು `vh` ಎಂದರೆ ತೆರೆಯ ಎತ್ತರದ ನೂರರಲ್ಲಿ ಒಂದು ಭಾಗ. ಎರಡು ಎತ್ತರಗಳಲ್ಲಿ ಯಾವುದರ ನೂರರಲ್ಲಿ ಒಂದು ಎಂಬ ಪ್ರಶ್ನೆಯಲ್ಲೇ ಈ ಬಗ್ಗಿನ ಬೇರು ಇದೆ.

ಆಪಲ್‌ನ ಸಫಾರಿ ದೊಡ್ಡ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಇದು ಕಣ್ತಪ್ಪಿನಿಂದ ಆದದ್ದಲ್ಲ. ಪಟ್ಟಿ ಸರಿದಂತೆಲ್ಲ `vh` ಬದಲಾಗುತ್ತಾ ಹೋದರೆ ಓದುತ್ತಿರುವ ಪುಟದ ಅಕ್ಷರ, ಚಿತ್ರಗಳೆಲ್ಲ ಕಣ್ಣೆದುರೇ ಜಿಗಿಯುತ್ತವೆ. ಅದನ್ನು ತಪ್ಪಿಸಲು ಒಂದೇ ಅಳತೆಗೆ ಅಂಟಿಕೊಳ್ಳಬೇಕಿತ್ತು, ಅವರು ದೊಡ್ಡದನ್ನು ಆರಿಸಿಕೊಂಡರು. ಆಂಡ್ರಾಯ್ಡ್ ಕ್ರೋಮ್ ಕೂಡ 2017ರಲ್ಲಿ, 56ನೇ ಆವೃತ್ತಿಯಿಂದ, ಅದೇ ದಾರಿ ಹಿಡಿಯಿತು. ಲೇಖನ ಓದುವ ಪುಟಗಳಿಗೆ ಇದು ನಿಜಕ್ಕೂ ಒಳ್ಳೆಯ ತೀರ್ಮಾನ. ಪೆಟ್ಟು ಬೀಳುವುದು ಚೆಕ್‌ಔಟ್‌ನಂಥ ಪುಟಗಳಿಗೆ.

ಲೆಕ್ಕ ಹಾಕಿ ನೋಡೋಣ. ಒಂದು ಫೋನಿನಲ್ಲಿ ಪಟ್ಟಿ ಕುಗ್ಗಿದಾಗ ಪುಟಕ್ಕೆ 740 ಪಿಕ್ಸೆಲ್, ಪಟ್ಟಿ ಇರುವಾಗ 650 ಪಿಕ್ಸೆಲ್ ಎತ್ತರ ಸಿಗುತ್ತದೆ ಎಂದುಕೊಳ್ಳಿ. ಚೆಕ್‌ಔಟ್ ಪುಟದಲ್ಲಿ ಮೇಲೆ ಅಂಗಡಿಯ ಹೆಸರಿರುವ 60 ಪಿಕ್ಸೆಲ್‌ನ ತಲೆಪಟ್ಟಿ, ಕೆಳಗೆ ಒಟ್ಟು ಮೊತ್ತ ಮತ್ತು ಬಟನ್ ಇರುವ 80 ಪಿಕ್ಸೆಲ್‌ನ ಅಂಚು, ನಡುವೆ ಉಳಿದ 600ರಲ್ಲಿ ಸಾಮಾನಿನ ಪಟ್ಟಿ. ಇಡೀ ಚೌಕಟ್ಟಿಗೆ `100vh` ಕೊಟ್ಟದ್ದರಿಂದ ಅದರ ಎತ್ತರ 740. ಬಟನ್ನಿನ ಅಂಚು ಶುರುವಾಗುವುದು 660ನೇ ಪಿಕ್ಸೆಲ್‌ನಲ್ಲಿ, ಆದರೆ ಗ್ರಾಹಕರಿಗೆ ಕಾಣುವುದು 650ರವರೆಗೆ ಮಾತ್ರ. ಬಟನ್ ಅರ್ಧವೂ ಇಣುಕುವುದಿಲ್ಲ.

ಸಾಮಾನ್ಯ ಪುಟವಾಗಿದ್ದರೆ ಸ್ವಲ್ಪ ಸರಿಸಿದೊಡನೆ ಪಟ್ಟಿ ಕುಗ್ಗಿ ಅಡಗಿದ್ದು ಹೊರಬರುತ್ತಿತ್ತು. ಇಲ್ಲಿ ನಡುವಿನ ಪಟ್ಟಿ ಮಾತ್ರ ಸರಿಯಲಿ, ತಲೆಪಟ್ಟಿ ಮತ್ತು ಬಟನ್ ಕದಲದಿರಲಿ ಎಂದು ಪುಟದ ಮೈಗೆ `overflow: hidden` ಹಾಕಿ ಬೀಗ ಜಡಿದಿರುತ್ತಾರೆ. ಪುಟ ಸರಿಯದಿದ್ದರೆ ಪಟ್ಟಿಯೂ ಕುಗ್ಗುವುದಿಲ್ಲ. `100vh` ಒಂದೇ ಆಗಿದ್ದರೆ ಕಿರಿಕಿರಿಯಷ್ಟೇ. ಬೀಗವೂ ಸೇರಿದ್ದರಿಂದ ವ್ಯಾಪಾರವೇ ನಿಂತುಹೋಗುತ್ತದೆ. ಟಿಪ್ಪಣಿಯಲ್ಲಿ ಕಾರಣ ಬರೆಯುವಾಗ ಈ ಎರಡನ್ನೂ ಒಟ್ಟಿಗೆ ಹೇಳಲೇಬೇಕು. ಒಂದನ್ನೇ ಹೇಳಿದರೆ ಮುಂದಿನವರು ಅರ್ಧ ಸರಿಮಾಡಿ ಮುಗಿಯಿತೆಂದುಕೊಳ್ಳುತ್ತಾರೆ.

ಈ ಬಗ್ಗಿಗೆ ಇನ್ನೊಂದು ಗುಣವಿದೆ, ಅದು ಆಗಾಗ ಕಾಣಿಸುವುದೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಕ್ರೋಮ್ ತೆರೆದು ಮೊಬೈಲ್ ಅಳತೆಗೆ ಬದಲಿಸಿ ನೋಡಿದರೆ ಬಟನ್ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಆ ಅಣಕು ಫೋನಿನಲ್ಲಿ ಕುಗ್ಗಿ ಹಿಗ್ಗುವ ವಿಳಾಸದ ಪಟ್ಟಿ ಇಲ್ಲ. ನಿಜವಾದ ಫೋನಿನಲ್ಲೂ ಮೊದಲು ಸೀರೆಗಳ ಪುಟವನ್ನು ಸರಿಸುತ್ತಾ ನೋಡಿ, ಅಲ್ಲಿಂದ ಚೆಕ್‌ಔಟ್‌ಗೆ ಹೋದರೆ ತಪ್ಪು ಮರೆಯಾಗಬಹುದು: ಪುಟವನ್ನು ಹೊಸದಾಗಿ ತೆರೆಯದೆ ಒಳಗೊಳಗೇ ಬದಲಿಸುವ ಸೈಟ್‌ಗಳಲ್ಲಿ ಪಟ್ಟಿ ಕುಗ್ಗಿದ ಸ್ಥಿತಿಯಲ್ಲೇ ಉಳಿದಿರಬಹುದು. ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ. ‘ನಿಮ್ಮ ಆರ್ಡರ್ ಬಾಕಿ ಇದೆ’ ಎಂಬ ಎಸ್‌ಎಂಎಸ್ ಲಿಂಕ್ ಒತ್ತಿ ನೇರವಾಗಿ ಚೆಕ್‌ಔಟ್‌ಗೆ ಬರುವ ಗ್ರಾಹಕರಿಗೆ ಪಟ್ಟಿ ಪೂರ್ತಿ ಹಿಗ್ಗಿರುತ್ತದೆ, ಬಟನ್ ಸಿಗುವುದಿಲ್ಲ. ತಪ್ಪನ್ನು ಮತ್ತೆ ಕಾಣುವ ದಾರಿಯನ್ನು ಟಿಪ್ಪಣಿಯ ಮೊದಲಿಗೇ ಇಡಬೇಕು ಎಂದು ನಾನು ಹೇಳುವುದು ಇದಕ್ಕೇ. ಕಾರಣವನ್ನು ಜಾಣರು ಹೇಗಾದರೂ ಹುಡುಕಿಕೊಳ್ಳುತ್ತಾರೆ, ಆದರೆ ಕಣ್ಣಿಗೇ ಬೀಳದ ಬಗ್ಗನ್ನು ‘ನಮ್ಮಲ್ಲಿ ಸರಿಯಾಗಿದೆ’ ಎಂದು ಮುಚ್ಚಿಬಿಡುತ್ತಾರೆ.

ಹಾಗಾದರೆ ಟಿಪ್ಪಣಿಯ ಮೊದಲ ಭಾಗ ಹೀಗಿರಬಹುದು:

“ಐಫೋನ್ ಸಫಾರಿಯಲ್ಲಿ ಚೆಕ್‌ಔಟ್ ಪುಟದ ‘ಹಣ ಪಾವತಿಸಿ’ ಬಟನ್ ಬ್ರೌಸರಿನ ಪಟ್ಟಿಯ ಹಿಂದೆ ಸಿಕ್ಕಿಕೊಳ್ಳುತ್ತದೆ, ಸರಿಸಿದರೂ ಬರುವುದಿಲ್ಲ. ನೋಡಬೇಕಾದರೆ ನಿಜವಾದ ಫೋನನ್ನೇ ಬಳಸಿ. ಕಾರ್ಟ್‌ಗೆ ಎಂಟು ಹತ್ತು ಸಾಮಾನು ಹಾಕಿ, ಚೆಕ್‌ಔಟ್ ಲಿಂಕನ್ನು ನಿಮಗೇ ಎಸ್‌ಎಂಎಸ್ ಮಾಡಿಕೊಂಡು ಅಲ್ಲಿಂದ ತೆರೆಯಿರಿ. ಸೈಟ್ ಒಳಗಿನಿಂದ ಹೋದರೆ ಕಾಣದೇ ಇರಬಹುದು. ಕಾರಣ: ಚೌಕಟ್ಟಿನ `100vh` ಪಟ್ಟಿ ಕುಗ್ಗಿದಾಗಿನ ಎತ್ತರವನ್ನು ಹಿಡಿಯುತ್ತದೆ, `body`ಯ `overflow: hidden` ಪಟ್ಟಿಯನ್ನು ಕುಗ್ಗಲು ಬಿಡುವುದಿಲ್ಲ.”

ಮುಂದಿನದು ತೇಪೆ. 2022ರಲ್ಲಿ ಬ್ರೌಸರುಗಳಿಗೆ ಹೊಸ ಅಳತೆಗಳು ಬಂದವು. `svh` ಎಂದರೆ ಸಣ್ಣ ಎತ್ತರ, `lvh` ಎಂದರೆ ದೊಡ್ಡದು, `dvh` ಎಂದರೆ ಈ ಗಳಿಗೆಯಲ್ಲಿ ಎಷ್ಟಿದೆಯೋ ಅಷ್ಟು. ಸಫಾರಿಗೆ ಇವು ಬಂದದ್ದು 15.4ರಲ್ಲಿ, ಕ್ರೋಮ್‌ಗೆ 108ರಲ್ಲಿ. ತೇಪೆ ಎರಡೇ ಸಾಲು:

```css
.checkout {
  height: 100vh;
  height: 100dvh;
}
```

ಒಂದೇ ಗುಣಕ್ಕೆ ಎರಡು ಬೆಲೆ ಕೊಟ್ಟರೆ ಬ್ರೌಸರ್ ಕೊನೆಯದನ್ನು ಒಪ್ಪುತ್ತದೆ. `dvh` ಗೊತ್ತಿಲ್ಲದ ಹಳೆಯ ಬ್ರೌಸರ್ ಎರಡನೆಯ ಸಾಲನ್ನು ಓದದೆ ಬಿಟ್ಟು ಮೊದಲಿನದಕ್ಕೇ ನಿಲ್ಲುತ್ತದೆ. ಹಾಗಾಗಿ ಸಾಲುಗಳ ಕ್ರಮ ಮುಖ್ಯ. ಯಾರಾದರೂ ಕೋಡ್ ಓರಣ ಮಾಡುವಾಗ ‘ಒಂದೇ ಸಾಲು ಎರಡು ಸಲ ಇದೆಯಲ್ಲ’ ಎಂದು ಕೊನೆಯದನ್ನು ಅಳಿಸಿದರೆ ಬಗ್ ಹಿಂದಿರುಗುತ್ತದೆ. ಟಿಪ್ಪಣಿಯಲ್ಲಿ ಇದಕ್ಕೊಂದು ವಾಕ್ಯ ಮೀಸಲಿರಲಿ. ಈ ಅಳತೆಗಳು ಬರುವ ಮೊದಲು ಜಾವಾಸ್ಕ್ರಿಪ್ಟ್‌ನಿಂದ `window.innerHeight` ಅಳೆದು ಎತ್ತರ ಕೊಡುತ್ತಿದ್ದರು. ಅದು ಹಳೆಯ ಫೋನುಗಳಲ್ಲೂ ನಡೆಯುತ್ತದೆ, ಆದರೆ ಫೋನ್ ತಿರುಗಿಸಿದಾಗ, ಪಟ್ಟಿ ಕದಲಿದಾಗ ಮತ್ತೆ ಅಳೆಯಬೇಕು. ಕೆಲವೇ ವಾರ ಇರಬೇಕಾದ ತೇಪೆಗೆ ಅಷ್ಟು ಕೋಡ್ ಸೇರಿಸದಿರುವುದೇ ವಾಸಿ.

ತೇಪೆ ಎಲ್ಲಿಯವರೆಗೆ ಮುಚ್ಚುತ್ತದೆ ಎಂಬುದು ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ. ಓದುವವರನ್ನು ಅಪಾಯದಿಂದ ಕಾಯುವುದೂ ಅದೇ:

“15.4ಕ್ಕಿಂತ ಹಳೆಯ ಸಫಾರಿಯಲ್ಲಿ ಬಗ್ ಹಾಗೆಯೇ ಇದೆ. ಅಂಥ ಗ್ರಾಹಕರು ಫೋನ್ ಮಾಡಿದರೆ, ವಿಳಾಸದ ಪಟ್ಟಿಯಲ್ಲಿರುವ `aA` ಗುರುತು ಒತ್ತಿ ಹೈಡ್ ಟೂಲ್‌ಬಾರ್ ಆರಿಸಲು ಹೇಳಿ, ಬಟನ್ ಕಾಣುತ್ತದೆ. ಸಹಾಯವಾಣಿಯವರಿಗೂ ಇದನ್ನು ತಿಳಿಸಿದ್ದೇನೆ. ಕೂಪನ್ ಬರೆಯಲು ಕೀಬೋರ್ಡ್ ತೆರೆದಾಗ ಬಟನ್ ಅದರ ಹಿಂದೆ ಹೋಗುತ್ತದೆ. ಅದು ಬೇರೆ ವಿಷಯ, ತೇಪೆ ಕೆಟ್ಟಿದೆ ಎಂದುಕೊಳ್ಳಬೇಡಿ. ಬೇರೆ ಆ್ಯಪ್‌ಗಳ ಒಳಗಿನ ಬ್ರೌಸರಿನಲ್ಲಿ ನಾನು ಪರೀಕ್ಷಿಸಿಲ್ಲ.”

ಕೀಬೋರ್ಡಿನ ಮಾತಿಗೆ ಸ್ವಲ್ಪ ವಿವರಣೆ ಬೇಕು. `dvh` ಎಂದರೆ ಈ ಗಳಿಗೆಯ ಎತ್ತರ ಎಂದ ಮೇಲೆ ಕೀಬೋರ್ಡ್ ತಿಂದ ಜಾಗವನ್ನೂ ಅದು ಕಳೆಯುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಕಳೆಯುವುದಿಲ್ಲ, ಅದು ಬ್ರೌಸರಿನ ಪಟ್ಟಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಫಾರಿ ಕೀಬೋರ್ಡನ್ನು ಪುಟದ ಮೇಲೆ ಹೊದಿಸುತ್ತದೆಯೇ ಹೊರತು ಪುಟವನ್ನು ಕುಗ್ಗಿಸುವುದಿಲ್ಲ. ಆಂಡ್ರಾಯ್ಡ್ ಕ್ರೋಮ್ ಕೂಡ 108ರಿಂದ ಹಾಗೆಯೇ ಮಾಡುತ್ತಿದೆ. ಇದು ಗೊತ್ತಿಲ್ಲದವರು ಕೀಬೋರ್ಡಿನ ದೂರು ಬಂದ ಕೂಡಲೇ ಸರಿಯಾಗಿರುವ ತೇಪೆಯನ್ನು ಕೆದಕಲು ಹೋಗುತ್ತಾರೆ.

ಶಾಶ್ವತ ಪರಿಹಾರವೆಂದರೆ ಬೀಗವನ್ನೇ ತೆಗೆಯುವುದು. ಚೌಕಟ್ಟಿಗೆ ಗೊತ್ತುಮಾಡಿದ ಎತ್ತರ ಬೇಡ, ಇಡೀ ಪುಟ ಸಹಜವಾಗಿ ಸರಿಯಲಿ, ಬಟನ್ನಿನ ಅಂಚು ಮಾತ್ರ `position: sticky; bottom: 0` ಎಂದು ಕಾಣುವ ಜಾಗದ ಬುಡಕ್ಕೆ ಅಂಟಿಕೊಳ್ಳಲಿ. ಆಗ ಪಟ್ಟಿ ಹಿಗ್ಗಿದರೂ ಕುಗ್ಗಿದರೂ ಬಟನ್ ಅದರ ಮೇಲೇ ಇರುತ್ತದೆ, ಹಳೆಯ ಫೋನುಗಳಿಗೂ ಪರಿಹಾರ ಸಿಗುತ್ತದೆ. ಇಂದೇ ಮಾಡದಿರಲು ಸಾಮಾನ್ಯವಾಗಿ ಗಟ್ಟಿ ಕಾರಣವಿರುತ್ತದೆ: ವಿಳಾಸ ಆರಿಸುವ, ಕೂಪನ್ ತೋರಿಸುವ ಪಾಪ್-ಅಪ್‌ಗಳು ಆ ಬೀಗವನ್ನೇ ನೆಚ್ಚಿಕೊಂಡಿರುತ್ತವೆ. ಬೀಗ ತೆಗೆದರೆ ಅವುಗಳ ಹಿಂದೆ ಪುಟ ಜಾರತೊಡಗುತ್ತದೆ. ಯಾವ ಪಾಪ್-ಅಪ್‌ಗಳು ಎಂದು ಟಿಪ್ಪಣಿಯಲ್ಲಿ ಹೆಸರಿಸಿಯೇ ಬರೆಯಬೇಕು.

ತೇಪೆಯನ್ನು ಯಾವಾಗ ಕಿತ್ತುಹಾಕಬೇಕು ಎಂಬುದೂ ಅಲ್ಲೇ ಇರಬೇಕು. ಪುಟ ಸರಿಯತೊಡಗಿದ ಮೇಲೂ `100dvh` ಉಳಿದರೆ, ಪಟ್ಟಿ ಕುಗ್ಗಿದಾಗಲೆಲ್ಲ ಚೌಕಟ್ಟಿನ ಎತ್ತರ ಬದಲಾಗಿ ಬೆರಳಿನಡಿಯ ಸಾಮಾನು ಜಿಗಿಯುತ್ತದೆ. ಸಫಾರಿಯವರು ತಪ್ಪಿಸಲು ಹೊರಟದ್ದೂ ಇದನ್ನೇ. ಟಿಪ್ಪಣಿಯ ಕೊನೆಯ ಸಾಲುಗಳು ಹೀಗಿದ್ದರೆ ಸಾಕು:

“ಬಟನ್ನಿಗೆ `sticky` ಬಂದ ದಿನ ಎತ್ತರದ ಎರಡೂ ಸಾಲು ತೆಗೆಯಿರಿ, ಒಂದನ್ನೇ ಬಿಡಬೇಡಿ. ಆಮೇಲೆ ಮತ್ತೆ ಎಸ್‌ಎಂಎಸ್ ಲಿಂಕ್‌ನಿಂದಲೇ ತೆರೆದು ನೋಡಿ: ಮೊದಲು ಪಟ್ಟಿ ಹಿಗ್ಗಿರುವಾಗ, ನಂತರ ಸರಿಸಿ ಪಟ್ಟಿ ಕುಗ್ಗಿದಾಗ, ಕೊನೆಗೆ ವಿಳಾಸದ ಪಾಪ್-ಅಪ್ ತೆರೆದು. ಮೂರೂ ಸರಿ ಇದ್ದರೆ ಸಹಾಯವಾಣಿಯವರ ಸೂಚನೆಯಿಂದ ಹೈಡ್ ಟೂಲ್‌ಬಾರ್ ಮಾತನ್ನು ತೆಗೆಸಿ.”