ಗೇಮಿಂಗ್ ಫೋನ್: ಇಪ್ಪತ್ತನೇ ನಿಮಿಷದಲ್ಲಿ ಉಳಿಯುವ ವೇಗ

ಬಿಜಿಎಂಐನಂಥ ಆಟಕ್ಕೆಂದು ಹದಿನೈದು–ಇಪ್ಪತ್ತು ಸಾವಿರ ರೂಪಾಯಿಯೊಳಗೆ ಫೋನ್ ಕೊಳ್ಳುವಾಗ ಚಿಪ್ ಎಷ್ಟು ವೇಗವಾಗಿದೆ ಎನ್ನುವುದಕ್ಕಿಂತ ಆ ವೇಗ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಮುಖ್ಯ. ಬಿಸಿ ಮಿತಿ ಮೀರುತ್ತಿದ್ದಂತೆ ಚಿಪ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇದೇ ಥ್ರಾಟ್ಲಿಂಗ್. ಆರಂಭದಲ್ಲಿ ಸಲೀಸಾಗಿ ಓಡಿದ ಆಟ ಕೊನೆಯ ಸುತ್ತಿನಲ್ಲಿ, ಗುರಿ ಇಡುವ ಹೊತ್ತಿಗೇ ತಡವರಿಸುತ್ತದೆ; ಪರದೆಯೂ ಮಂಕಾಗಬಹುದು.

ಇದನ್ನು ಅಳೆಯಲು 3DMark ಆ್ಯಪ್‌ನಲ್ಲಿ Wild Life Stress Test ಇದೆ. ಒಂದೇ ದೃಶ್ಯವನ್ನು ಇಪ್ಪತ್ತು ನಿಮಿಷ ಮತ್ತೆ ಮತ್ತೆ ಓಡಿಸಿ, ಅತಿ ಹೆಚ್ಚಿನ ಅಂಕಕ್ಕೆ ಅತಿ ಕಡಿಮೆ ಅಂಕ ಶೇಕಡಾ ಎಷ್ಟೆಂದು ಅದು ತೋರಿಸುತ್ತದೆ. ಒಂದು ಫೋನಿನ ಮೊದಲ ಅಂಕ 4000, ಸ್ಥಿರತೆ ಶೇ. 60 ಎಂದುಕೊಳ್ಳೋಣ, ಅದು 2400ಕ್ಕೆ ಇಳಿಯುತ್ತದೆ. 3000 ಅಂಕದ ಇನ್ನೊಂದು ಫೋನ್ ಶೇ. 95ರಷ್ಟು ನಿಂತರೆ 2850ರಲ್ಲಿ ಉಳಿಯುತ್ತದೆ. ಕೊಳ್ಳಬೇಕಾದದ್ದು ಎರಡನೆಯದನ್ನೇ.

ಚಿಪ್‌ನ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬುವಂತಿಲ್ಲ. ಡೈಮೆನ್ಸಿಟಿ 7300 ಹೊಸದು. ಆದರೆ ಅದರ ಗ್ರಾಫಿಕ್ಸ್ ಭಾಗದಲ್ಲಿ ಎರಡೇ ಕೋರ್‌ಗಳಿವೆ, ಹಳೆಯ 7200ರಲ್ಲಿ ನಾಲ್ಕಿವೆ. ಚಿತ್ರ ಬಿಡಿಸುವ ಹೊರೆ ಬೀಳುವುದು ಈ ಭಾಗದ ಮೇಲೆಯೇ. 120 ಹರ್ಟ್ಜ್ ಪರದೆಯಿದ್ದರೂ ಚಿಪ್ಪಿಗೆ ಶಕ್ತಿ ಇಲ್ಲದಿದ್ದರೆ, ಇಲ್ಲವೇ ಆ ಮಾಡೆಲ್‌ಗೆ ಆಟದಲ್ಲೇ 90 ಫ್ರೇಮ್‌ಗಳ ಆಯ್ಕೆ ತೆರೆದಿರದಿದ್ದರೆ ಅದರಿಂದ ಲಾಭವಿಲ್ಲ.

ಸಾಮಾನ್ಯ ಫೋನಿನಲ್ಲಿ ಫ್ಯಾನ್ ಇರುವುದಿಲ್ಲ. ಚಿಪ್‌ನ ಬಿಸಿಯನ್ನು ಗ್ರಾಫೈಟ್ ಹಾಳೆಯೋ ವೇಪರ್ ಚೇಂಬರೋ ಇಡೀ ಹಿಂಬದಿಗೆ ಹರಡುತ್ತದೆ. ವೇಪರ್ ಚೇಂಬರ್ ಎಂದರೆ ಸ್ವಲ್ಪ ದ್ರವ ತುಂಬಿ ಮುಚ್ಚಿದ ಚಪ್ಪಟೆ ಲೋಹದ ಗೂಡು. ಬಿಸಿ ತಾಗಿದಲ್ಲಿ ದ್ರವ ಆವಿಯಾಗಿ, ತಣ್ಣಗಿರುವ ಕಡೆ ಮತ್ತೆ ದ್ರವವಾಗಿ ಬಿಸಿಯನ್ನು ಅಲ್ಲಿ ಬಿಡುತ್ತದೆ. ಇದು ಇದ್ದರೂ ದಪ್ಪ ರಬ್ಬರ್ ಕವರ್ ಹಾಕಿದರೆ ಬಿಸಿ ಒಳಗೇ ಉಳಿಯುತ್ತದೆ.

ಸ್ಟೋರೇಜ್ ವಿಷಯದಲ್ಲಿ ಇಎಂಎಂಸಿ ಇರುವ ಫೋನನ್ನು ಬಿಟ್ಟು ಯುಎಫ್‌ಎಸ್ ಇರುವುದನ್ನೇ ಆರಿಸಬೇಕು. ಆಟ, ಮ್ಯಾಪುಗಳು ಬೇಗ ತೆರೆದುಕೊಳ್ಳುತ್ತವೆ. 128 ಜಿಬಿ ಸಾಕು, ಆದರೆ ಪೂರ್ತಿ ತುಂಬಿಸಬಾರದು. ಜಾಹೀರಾತಿನ ‘8+8 ಜಿಬಿ ರ‍್ಯಾಮ್’ನಲ್ಲಿ ಎರಡನೆಯ ಎಂಟು ಸ್ಟೋರೇಜಿನಿಂದ ಎರವಲು ತಂದದ್ದು, ವೇಗದಲ್ಲಿ ಅದು ನಿಜವಾದ ರ‍್ಯಾಮ್‌ಗೆ ಸಮವಲ್ಲ.

5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಆಟಕ್ಕೆ 4 ವ್ಯಾಟ್ ಖರ್ಚಾದರೆ ನಾಲ್ಕೂವರೆ ಗಂಟೆಗೂ ತುಸು ಹೆಚ್ಚು ಬಾಳುತ್ತದೆ, ವಿದ್ಯಾರ್ಥಿಗೆ ಇಷ್ಟು ಧಾರಾಳ. ಚಾರ್ಜಿಗೆ ಹಾಕಿಕೊಂಡೇ ಆಡಿದರೆ ಚಿಪ್‌ನ ಬಿಸಿಗೆ ಚಾರ್ಜಿಂಗ್ ಬಿಸಿಯೂ ಸೇರಿ ಥ್ರಾಟ್ಲಿಂಗ್ ಬೇಗ ಬರುತ್ತದೆ, ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ಬೈಪಾಸ್ ಚಾರ್ಜಿಂಗ್ ಇರುವ ಫೋನಿನಲ್ಲಿ ಕರೆಂಟು ಬ್ಯಾಟರಿಗೆ ಹೋಗದೆ ನೇರವಾಗಿ ಫೋನಿಗೇ ಸಿಗುವುದರಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಎರಡು ಫೋನುಗಳ ಸ್ಥಿರತೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಈ ಸೌಲಭ್ಯ ಇರುವುದನ್ನು ಆರಿಸಿಕೊಳ್ಳಬಹುದು.